ರಕ್ತ ಹಾಕುವಾಗ ಚಳಿ ಬಂದರೆ: ಬ್ಲಡ್ ಬ್ಯಾಂಕಿನ ಮೊದಲ ಒಂದು ಗಂಟೆ

ರಾತ್ರಿ ಡ್ಯೂಟಿಯಲ್ಲಿ ಫೋನ್ ಬರುತ್ತದೆ. "ಬ್ಲಡ್ ಹಾಕ್ತಾ ಇದ್ವಿ, ಪೇಶೆಂಟ್‌ಗೆ ಚಳಿ ಜ್ವರ ಬಂತು, ಬ್ಯಾಗ್ ವಾಪಸ್ ಕಳಿಸ್ತಾ ಇದೀವಿ." ಬ್ಲಡ್ ಬ್ಯಾಂಕಿನಲ್ಲಿ ಕೆಲಸ ಮಾಡುವ ಎಲ್ಲರಿಗೂ ಈ ಮಾತು ಗೊತ್ತು. ಹತ್ತರಲ್ಲಿ ಎಂಟೊಂಬತ್ತು ಸಲ ಅದು ಬರೀ ಜ್ವರ ಅಥವಾ ತುರಿಕೆ ಆಗಿರುತ್ತದೆ. ಆದರೆ ಗುಂಪು ತಪ್ಪಿ ರಕ್ತ ಹೋಗಿದ್ದರೂ ಶುರುವಾಗುವುದು ಇದೇ ಚಳಿ ಜ್ವರದಿಂದಲೇ. ವಾರ್ಡಿನಲ್ಲಿ ರೋಗಿಯನ್ನು ನೋಡಿ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಅದು ಆಗುವುದು ಲ್ಯಾಬ್‌ನಲ್ಲಿ. ಹೇಗೆ ಅನ್ನುವುದನ್ನು ಒಂದು ಕೇಸ್ ಹಿಡಿದು ಹೇಳುತ್ತೇನೆ. ಇಂಥದ್ದು ಯಾವ ಊರಿನ ಆಸ್ಪತ್ರೆಯಲ್ಲಾದರೂ ಆಗಬಹುದು, ಹಾಗಾಗಿ ವಿವರಗಳನ್ನು ಪಾಠಕ್ಕೆ ತಕ್ಕಂತೆ ಜೋಡಿಸಿದ್ದೇನೆ.

ಒಂದೇ ವಾರ್ಡಿನಲ್ಲಿ ಇಬ್ಬರು ಹೆಂಗಸರು. ಇಬ್ಬರಿಗೂ ಲಕ್ಷ್ಮಮ್ಮ ಎಂದೇ ಹೆಸರು ಅಂದುಕೊಳ್ಳಿ. ನಮ್ಮ ಕಡೆ ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇರುವುದೇನು ದೊಡ್ಡ ವಿಷಯವಲ್ಲ. ಒಬ್ಬರು 14ನೇ ಹಾಸಿಗೆ, ಇನ್ನೊಬ್ಬರು 17ನೇ ಹಾಸಿಗೆ. ಇಬ್ಬರಿಗೂ ಹಿಮೋಗ್ಲೋಬಿನ್ ಕಡಿಮೆ, ಇಬ್ಬರಿಗೂ ರಕ್ತ ಬೇಕು. 14ನೇ ಹಾಸಿಗೆಯವರಿಗೆ ಬಿ ಪಾಸಿಟಿವ್ ಬ್ಯಾಗ್ ಹಾಕಲು ಶುರುಮಾಡಿ ಇಪ್ಪತ್ತು ನಿಮಿಷಕ್ಕೆ ಚಳಿ, ಸೊಂಟದಲ್ಲಿ ನೋವು. ಜ್ವರ 98.4ರಿಂದ 101ಕ್ಕೆ ಏರಿತು. ಹೋಗಿದ್ದದ್ದು ಸುಮಾರು 80 ಮಿಲಿ.

ವಾರ್ಡಿನಿಂದ ಏನೇನು ಬರಬೇಕು

ಫೋನ್‌ನಲ್ಲೇ ನಾಲ್ಕು ಮಾತು ಹೇಳಿಬಿಡಿ. ರಕ್ತ ನಿಲ್ಲಿಸಿ, ಆದರೆ ಸೂಜಿ ಕೀಳಬೇಡಿ. ಹಳೇ ಸೆಟ್ ಬಿಚ್ಚಿ, ಹೊಸ ಸೆಟ್‌ನಲ್ಲಿ ಸಲೈನ್ ಹಾಕಿ. ಬ್ಯಾಗನ್ನು ಸೆಟ್ ಸಮೇತ ಕಳಿಸಿ, ತುದಿ ಮುಚ್ಚಿರಲಿ. ಮೊದಲು ಬಂದ ಮೂತ್ರ ಹಿಡಿದಿಡಿ. ಡಾಕ್ಟರನ್ನು ಕರೆಯುವುದು ಅವರಿಗೆ ಗೊತ್ತಿರುತ್ತದೆ. ಆದರೂ ಕರೆದಿದ್ದಾರಾ ಅಂತ ಕೇಳಿ.

ಆಮೇಲೆ ಹೊಸ ಸ್ಯಾಂಪಲ್. ರಕ್ತ ಹೋಗುತ್ತಿದ್ದ ಕೈ ಬಿಟ್ಟು ಇನ್ನೊಂದು ಕೈಯಿಂದ ತೆಗೆಯಬೇಕು. ಒಂದು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್, ಒಂದು ಹೆಪ್ಪುಗಟ್ಟುವ ಸಾದಾ ಟ್ಯೂಬ್. ನಿಧಾನವಾಗಿ ಎಳೆಯಬೇಕು. ಸಿರಿಂಜ್ ಜೋರಾಗಿ ಎಳೆದು, ಸೂಜಿಯ ಮೂಲಕವೇ ಟ್ಯೂಬ್‌ಗೆ ಒತ್ತಿ ಬಿಟ್ಟರೆ ಕೆಂಪು ಕಣಗಳು ಅಲ್ಲೇ ಒಡೆಯುತ್ತವೆ. ಆಮೇಲೆ ಪ್ಲಾಸ್ಮಾ ಕೆಂಪಾಗಿರುವುದು ರೋಗಿಯ ಮೈಯಲ್ಲೋ ಸಿರಿಂಜ್‌ನಲ್ಲೋ ಅಂತ ತಲೆ ಕೆಡಿಸಿಕೊಳ್ಳುತ್ತಾ ಕೂರಬೇಕಾಗುತ್ತದೆ. ಹೆಸರಿನ ಚೀಟಿ ಹಾಸಿಗೆ ಪಕ್ಕದಲ್ಲೇ ನಿಂತು ಅಂಟಿಸಬೇಕು. ಈ ಮಾತು ಯಾಕೆ ಒತ್ತಿ ಹೇಳುತ್ತೇನೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಮೊದಲು ಕಾಗದ

ಸೆಂಟ್ರಿಫ್ಯೂಜ್‌ಗೆ ಟ್ಯೂಬ್ ಹಾಕಿ, ಅದು ತಿರುಗುವಷ್ಟರಲ್ಲಿ ಕಾಗದ ನೋಡಿ. ಮೊದಲು ಕಾಗದ ನೋಡಲು ಒಂದು ಕಾರಣವಿದೆ. ಗುಂಪು ತಪ್ಪಿ ರಕ್ತ ಹೋಗುವುದು ಹೆಚ್ಚಾಗಿ ಪರೀಕ್ಷೆ ತಪ್ಪಾಗಿ ಅಲ್ಲ, ಹೆಸರು ಅದಲುಬದಲಾಗಿ. ಇನ್ನೊಂದು ಮುಖ್ಯ ವಿಷಯ: ಇಬ್ಬರ ಹೆಸರು ಅದಲುಬದಲಾಗಿದ್ದರೆ ತಪ್ಪು ರಕ್ತ ಹೋಗಬಹುದಾದ ಎರಡನೇ ರೋಗಿ ಒಬ್ಬರಿದ್ದಾರೆ ಅಂತ ಅರ್ಥ. ಅವರ ಬ್ಯಾಗ್ ಈಗಲೇ ಹೋಗುತ್ತಿರಬಹುದು.

ಮೇಜಿನ ಮೇಲೆ ಸಾಲಾಗಿ ಇಡಿ: ರಕ್ತ ಕೇಳಿದ ಫಾರಂ, ರಕ್ತ ಹಾಕುವ ಮುಂಚಿನ ಹಳೇ ಟ್ಯೂಬ್, ಗ್ರೂಪಿಂಗ್ ಮತ್ತು ಕ್ರಾಸ್‌ಮ್ಯಾಚ್ ರಿಜಿಸ್ಟರ್, ಇಶ್ಯೂ ರಿಜಿಸ್ಟರ್, ವಾಪಸ್ ಬಂದ ಬ್ಯಾಗ್, ಅದಕ್ಕೆ ಕಟ್ಟಿದ ಚೀಟಿ. ಹೆಸರು, ಆಸ್ಪತ್ರೆ ನಂಬರ್, ಬ್ಯಾಗ್ ನಂಬರ್, ಗುಂಪು, ಎಕ್ಸ್‌ಪೈರಿ ತಾರೀಖು. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ನೋಡಬೇಕು. ಒಬ್ಬರೇ ಓದಿಕೊಂಡರೆ ಕಣ್ಣು ಇರಬೇಕಾದ್ದನ್ನೇ ಓದುತ್ತದೆ, ಇರುವುದನ್ನಲ್ಲ. ಬರೀ ಹೆಸರು ತಾಳೆಯಾದರೆ ಸಾಲದು. ಆಸ್ಪತ್ರೆ ನಂಬರ್‌ನ ಕೊನೆಯ ಅಂಕಿಯವರೆಗೂ ಓದಿ.

ನಮ್ಮ ಕೇಸಿನಲ್ಲಿ ಎಲ್ಲವೂ ತಾಳೆಯಾಯಿತು. ಫಾರಂ, ಟ್ಯೂಬ್, ರಿಜಿಸ್ಟರ್, ಬ್ಯಾಗ್, ಎಲ್ಲದರಲ್ಲೂ 14ನೇ ಹಾಸಿಗೆ ಲಕ್ಷ್ಮಮ್ಮ, ಬಿ ಪಾಸಿಟಿವ್. ವಾರ್ಡಿನಲ್ಲಿ ಬ್ಯಾಗ್ ಚೀಟಿಯನ್ನು ರೋಗಿಯ ಕೈಪಟ್ಟಿಗೆ ಹೋಲಿಸಿ ನೋಡಲು ಹೇಳಿದೆವು. ಅದೂ ಸರಿ. ಇಲ್ಲಿಗೆ ನಿಟ್ಟುಸಿರು ಬಿಟ್ಟು "ಪೇಪರ್ ಎಲ್ಲಾ ಸರಿ ಇದೆ, ಜ್ವರದ ರಿಯಾಕ್ಷನ್ ಇರಬೇಕು" ಅನ್ನುವವರಿದ್ದಾರೆ. ಅದು ತಪ್ಪು. ಟ್ಯೂಬ್‌ನ ಚೀಟಿ ಫಾರಂಗೆ ತಾಳೆಯಾದರೆ ಚೀಟಿ ಸರಿ ಇದೆ ಅಂತ ಅಷ್ಟೇ. ಟ್ಯೂಬ್ ಒಳಗೆ ಯಾರ ರಕ್ತ ಇದೆ ಅನ್ನುವುದನ್ನು ಯಾವ ಕಾಗದವೂ ಹೇಳುವುದಿಲ್ಲ.

ಪ್ಲಾಸ್ಮಾದ ಬಣ್ಣ

ಸೆಂಟ್ರಿಫ್ಯೂಜ್ ನಿಂತಿತು. ರಕ್ತ ಹಾಕುವ ಮುಂಚಿನ ಟ್ಯೂಬ್ ಮತ್ತು ಆಮೇಲಿನ ಟ್ಯೂಬ್, ಎರಡನ್ನೂ ಪಕ್ಕಪಕ್ಕ ಹಿಡಿಯಿರಿ. ಹಿಂದೆ ಬಿಳಿ ಕಾಗದ ಇರಲಿ, ಬೆಳಕು ಚೆನ್ನಾಗಿರಲಿ. ಹೊಸದನ್ನೊಂದೇ ನೋಡಿ ತೀರ್ಮಾನಿಸಬೇಡಿ. ಹೋಲಿಸಿದರೆ ಮಾತ್ರ ಈ ಪರೀಕ್ಷೆಗೆ ಬೆಲೆ.

ಮಾಮೂಲಿ ಪ್ಲಾಸ್ಮಾ ಒಣಹುಲ್ಲಿನ ತಿಳಿ ಹಳದಿ. ಕಣಗಳು ರಕ್ತನಾಳದೊಳಗೇ ಒಡೆದಿದ್ದರೆ ಹಿಮೋಗ್ಲೋಬಿನ್ ಪ್ಲಾಸ್ಮಾಕ್ಕೆ ಸೇರಿ ಗುಲಾಬಿ ಆಗುತ್ತದೆ. ಜಾಸ್ತಿ ಒಡೆದಿದ್ದರೆ ಪುನರ್ಪುಳಿ ಶರಬತ್ತಿನ ಹಾಗೆ ಕೆಂಪು. ಇದಕ್ಕೆ ಬಾಟಲಿಗಟ್ಟಲೆ ರಕ್ತ ಒಡೆಯಬೇಕಾಗಿಲ್ಲ. 5ರಿಂದ 10 ಮಿಲಿಯಷ್ಟು ಒಡೆದರೂ ಕಣ್ಣಿಗೆ ಕಾಣುತ್ತದೆ. ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಇಷ್ಟು ಹೇಳುವುದು ನಮ್ಮ ಕೆಲಸದಲ್ಲಿ ಅಪರೂಪ.

ಹೊತ್ತು ನೋಡಿಕೊಳ್ಳಿ. ಸ್ಯಾಂಪಲ್ ತಕ್ಷಣ ತೆಗೆದಿದ್ದರೆ ಕೆಂಪು ಕಾಣುತ್ತದೆ. ಐದಾರು ಗಂಟೆ ಬಿಟ್ಟು ತೆಗೆದಿದ್ದರೆ ಹಿಮೋಗ್ಲೋಬಿನ್ ಬಹಳಷ್ಟು ಕಳೆದು, ಬಿಲಿರುಬಿನ್ ಏರಿ, ಅರಿಶಿನದ ಹಳದಿ ಕಾಣಬಹುದು. ಅದನ್ನು "ಕೆಂಪಿಲ್ಲ, ಹಾಗಾದರೆ ಸರಿ" ಅಂತ ಬರೆಯಬೇಡಿ. ಹಳೇ ಟ್ಯೂಬ್‌ಗಿಂತ ಹಳದಿ ಜಾಸ್ತಿಯಾಗಿದೆಯಾ ನೋಡಿ.

ಪ್ಲಾಸ್ಮಾ ಗುಲಾಬಿ ಕಂಡಿತು, ಆದರೆ ನರ ಸಿಗದೆ ಒದ್ದಾಡಿ ತೆಗೆದ ಸ್ಯಾಂಪಲ್ ಅಂತ ಸಿಸ್ಟರ್ ಹೇಳಿದರು. ಆಗ ವಾದ ಬೇಡ. ಇನ್ನೊಂದು ಸಲ ನಿಧಾನವಾಗಿ ತೆಗೆಸಿ. ಎರಡನೇ ಟ್ಯೂಬ್ ತಿಳಿಯಾಗಿದ್ದರೆ ಮೊದಲನೆಯದು ಸಿರಿಂಜ್‌ನ ಕೆಲಸ. ಎರಡೂ ಕೆಂಪಾಗಿದ್ದರೆ ನಿಜ.

ಮೂತ್ರವನ್ನೂ ತಿರುಗಿಸಿ ನೋಡಿ. ಕೆಂಪು ಕಣಗಳು ತಳಕ್ಕೆ ಕೂತು ಮೇಲಿನ ನೀರು ತಿಳಿಯಾದರೆ ಅದು ಮೂತ್ರನಾಳದ ರಕ್ತಸ್ರಾವ, ಬಹುಶಃ ಕ್ಯಾತಿಟರ್ ಗಾಯ. ಮೇಲಿನ ನೀರೇ ಕೆಂಪಾಗಿ ಉಳಿದರೆ ಹಿಮೋಗ್ಲೋಬಿನ್ ಇರಬೇಕು. ಮೂತ್ರ ಕೆಂಪು, ಪ್ಲಾಸ್ಮಾ ಮಾತ್ರ ತಿಳಿ ಅನ್ನುವಾಗ ಸ್ನಾಯುವಿನ ಮಯೋಗ್ಲೋಬಿನ್ ನೆನಪಿರಲಿ. ಅದು ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

14ನೇ ಹಾಸಿಗೆಯವರ ಹಳೇ ಟ್ಯೂಬ್ ಹುಲ್ಲಿನ ಬಣ್ಣ, ಹೊಸದು ಕೆಂಪು. ಮೂತ್ರವೂ ಕೆಂಪು, ತಿರುಗಿಸಿದರೂ ಕೆಂಪು. ಈ ಹೊತ್ತಿಗೆ ಫೋನ್ ಬಂದು ಹತ್ತು ನಿಮಿಷ ಆಗಿತ್ತು. ಪೂರ್ತಿ ವರದಿಗೆ ಕಾಯದೆ ಡಾಕ್ಟರಿಗೆ ಹೇಳುವ ಹೊತ್ತು ಇದೇ. ಕಿಡ್ನಿ ಉಳಿಸುವ ಕೆಲಸ ಅವರು ಈಗಲೇ ಶುರುಮಾಡಬೇಕು.

ಡಿಎಟಿ, ಅದರ ಜೊತೆಗಿನ ಒಂದು ಮೋಸ

ಮುಂದಿನದು ಡೈರೆಕ್ಟ್ ಕೂಂಬ್ಸ್, ಅಂದರೆ ಡಿಎಟಿ. ಕೂಂಬ್ಸ್, ಮೌರಾಂಟ್, ರೇಸ್ ಮೂವರೂ ಸೇರಿ 1945ರಲ್ಲಿ ಬರೆದ ಆಂಟಿಗ್ಲೋಬ್ಯುಲಿನ್ ಪರೀಕ್ಷೆಯನ್ನೇ ನಾವು ಇವತ್ತಿಗೂ ಮಾಡುತ್ತಿದ್ದೇವೆ, ಟ್ಯೂಬ್‌ನಲ್ಲೋ ಜೆಲ್ ಕಾರ್ಡ್‌ನಲ್ಲೋ ಅಷ್ಟೇ. ಹೊರಗಿನಿಂದ ಬಂದ ಕಣದ ಮೇಲೆ ರೋಗಿಯ ಆಂಟಿಬಾಡಿ ಅಥವಾ ಕಾಂಪ್ಲಿಮೆಂಟ್ ಅಂಟಿಕೊಂಡಿದೆಯಾ ಅಂತ ಇದು ಹೇಳುತ್ತದೆ.

ಇಡಿಟಿಎ ಟ್ಯೂಬ್‌ನ ಕಣಗಳನ್ನೇ ತೆಗೆದುಕೊಳ್ಳಿ. ಹೆಪ್ಪುಗಟ್ಟಿದ ರಕ್ತವನ್ನು ಫ್ರಿಜ್‌ನಲ್ಲಿಟ್ಟರೆ ಕಾಂಪ್ಲಿಮೆಂಟ್ ಅಲ್ಲೇ ಅಂಟಿಕೊಂಡು ಸುಳ್ಳು ಪಾಸಿಟಿವ್ ಬರಬಹುದು. ಟ್ಯೂಬ್ ವಿಧಾನವಾದರೆ ಒಂದು ಹನಿ ತೆಳು ಸಸ್ಪೆನ್ಷನ್ ಹಾಕಿ, ಟ್ಯೂಬ್ ತುಂಬ ಸಲೈನ್ ಸುರಿದು ಮೂರು ನಾಲ್ಕು ಸಲ ತೊಳೆಯಿರಿ. ಕೊನೆಯ ತೊಳೆತದ ನೀರನ್ನು ಪೂರ್ತಿ ಚೆಲ್ಲಿ. ಕೂಡಲೇ ಕೂಂಬ್ಸ್ ಸೀರಮ್ ಹಾಕಿ, ಕಿಟ್‌ನಲ್ಲಿ ಹೇಳಿದಷ್ಟು ತಿರುಗಿಸಿ, ಓದಿ. ತೊಳೆಯುವುದರಲ್ಲಿ ಸೋಮಾರಿತನ ಮಾಡಿದರೆ ಉಳಿದ ಪ್ಲಾಸ್ಮಾ ಕೂಂಬ್ಸ್ ಸೀರಮ್ಮನ್ನು ತಿಂದುಹಾಕಿ ಸುಳ್ಳು ನೆಗೆಟಿವ್ ಕೊಡುತ್ತದೆ. ಅದಕ್ಕೇ ಪ್ರತಿ ನೆಗೆಟಿವ್ ಟ್ಯೂಬ್‌ಗೂ ಕಂಟ್ರೋಲ್ ಕಣ ಹಾಕಿ ನೋಡಬೇಕು. ಅದು ಗಂಟು ಕಟ್ಟದಿದ್ದರೆ ಪರೀಕ್ಷೆ ಕೆಟ್ಟಿದೆ, ಮೊದಲಿಂದ ಮಾಡಿ.

ಹೊಸ ಸ್ಯಾಂಪಲ್ ಪಾಸಿಟಿವ್ ಬಂದರೆ ಹಳೇ ಸ್ಯಾಂಪಲ್‌ಗೂ ಮಾಡಿ. ಕೆಲವರಿಗೆ ಕಾಯಿಲೆಯಿಂದಲೋ ಔಷಧಿಯಿಂದಲೋ ಮೊದಲೇ ಪಾಸಿಟಿವ್ ಇರುತ್ತದೆ. ಮೊದಲು ನೆಗೆಟಿವ್ ಇದ್ದು ಈಗ ಪಾಸಿಟಿವ್ ಆದರೆ ಅದಕ್ಕೆ ಅರ್ಥವಿದೆ.

ಈಗ ಮೋಸದ ವಿಷಯ. ಡಿಎಟಿ ನೆಗೆಟಿವ್ ಬಂದರೆ ಕಣ ಒಡೆದಿಲ್ಲ ಅಂತ ಎಷ್ಟೋ ಜನ ತಿಳಿದಿದ್ದಾರೆ. ಎಬಿಒ ತಪ್ಪಿದಾಗ ಹೊರಗಿನ ಕಣಗಳೆಲ್ಲ ಒಡೆದೇ ಹೋಗಿರಬಹುದು. ಆಂಟಿಬಾಡಿ ಅಂಟಿಕೊಳ್ಳಲು ಕಣವೇ ಉಳಿದಿಲ್ಲದಿದ್ದರೆ ಡಿಎಟಿ ಯಾವುದನ್ನು ತೋರಿಸಬೇಕು? ಹಾಗಾಗಿ ಕೆಂಪು ಪ್ಲಾಸ್ಮಾ ಮತ್ತು ನೆಗೆಟಿವ್ ಡಿಎಟಿ ಒಟ್ಟಿಗೆ ಬಂದರೆ ಕೈ ಬಿಡಬೇಡಿ. ಅತಿ ಕೆಟ್ಟ ಕೇಸ್ ಹಾಗೇ ಕಾಣಬಹುದು. ನಮ್ಮ ರೋಗಿಗೆ ತೀರಾ ದುರ್ಬಲ ಪಾಸಿಟಿವ್ ಬಂತು. ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಬಿಡಿ ಕಣಗಳ ನಡುವೆ ಅಲ್ಲೊಂದು ಇಲ್ಲೊಂದು ಸಣ್ಣ ಗಂಟು. ಹಳೇ ಸ್ಯಾಂಪಲ್ ನೆಗೆಟಿವ್.

ಮತ್ತೆ ಗುಂಪು ನೋಡುವುದು

ಕಥೆ ಬಿಚ್ಚಿಕೊಳ್ಳುವುದು ಇಲ್ಲಿ. ಮೂರರ ಗುಂಪನ್ನೂ ನೋಡಬೇಕು: ಹಳೇ ಟ್ಯೂಬ್, ಹೊಸ ಟ್ಯೂಬ್, ಬ್ಯಾಗ್. ಬ್ಯಾಗ್‌ನಿಂದ ತೆಗೆಯುವಾಗ ಕ್ರಾಸ್‌ಮ್ಯಾಚ್‌ಗೆ ಬಳಸಿದ ಸೆಗ್ಮೆಂಟ್ ಮತ್ತು ಬ್ಯಾಗ್ ಒಳಗಿನ ರಕ್ತ ಎರಡನ್ನೂ ತೆಗೆಯಿರಿ.

ಆಗಲೇ ರ‍್ಯಾಕ್‌ನಲ್ಲಿ ಕೂತಿರುವ ಹಳೇ ಸಸ್ಪೆನ್ಷನ್ ಬಳಸಬೇಡಿ. ಮೊದಲ ಸಲ ಟ್ಯೂಬ್ ಅದಲುಬದಲಾಗಿ ಸಸ್ಪೆನ್ಷನ್ ಮಾಡಿದ್ದರೆ ಅದೇ ತಪ್ಪನ್ನು ಇನ್ನೊಂದು ಸಲ ಚೆನ್ನಾಗಿ ಮಾಡಿದಂತಾಗುತ್ತದೆ. ಮೂಲ ಟ್ಯೂಬ್‌ನಿಂದ ಹೊಸದಾಗಿ ಮಾಡಿ. ಆಗುವುದಾದರೆ ಮೊದಲು ಮಾಡಿದವರು ಬಿಟ್ಟು ಬೇರೊಬ್ಬರು ಮಾಡಲಿ. ರಾತ್ರಿ ಒಬ್ಬರೇ ಇರುತ್ತೀರಿ, ಗೊತ್ತು. ಹಾಗಿದ್ದರೆ ಹಳೇ ರಿಜಿಸ್ಟರ್ ಮುಚ್ಚಿಟ್ಟು, ರಿಸಲ್ಟ್ ಬರೆದ ಮೇಲೆ ತೆರೆಯಿರಿ.

ನಮಗೆ ಬಂದದ್ದು ಹೀಗೆ. ಬ್ಯಾಗ್, ಸೆಗ್ಮೆಂಟ್ ಎರಡೂ ಬಿ ಪಾಸಿಟಿವ್. ಹಳೇ ಟ್ಯೂಬ್ ಬಿ ಪಾಸಿಟಿವ್. ಹೊಸ ಟ್ಯೂಬ್‌ನ ಕಣಗಳಿಗೆ ಆಂಟಿ-ಎ ಹಾಕಿದರೆ ಏನೂ ಇಲ್ಲ. ಆಂಟಿ-ಬಿ ಹಾಕಿದರೆ ಬರಿಗಣ್ಣಿಗೆ ನೆಗೆಟಿವ್, ಮೈಕ್ರೋಸ್ಕೋಪ್‌ನಲ್ಲಿ ಬಿಡಿ ಕಣಗಳ ಸಮುದ್ರದಲ್ಲಿ ಕೆಲವು ಗಂಟು. ಆಂಟಿ-ಡಿಗೆ 4+, ಅಂದರೆ ಒಂದೇ ಗಟ್ಟಿ ಗಂಟು. ರಿವರ್ಸ್‌ನಲ್ಲಿ ಎ ಕಣಕ್ಕೆ 4+, ಬಿ ಕಣಕ್ಕೆ 2+.

ಇದನ್ನು ಓದುವುದು ಹೇಗೆ? ಬಿ ಗುಂಪಿನವರ ಪ್ಲಾಸ್ಮಾದಲ್ಲಿ ಆಂಟಿ-ಬಿ ಇರಲು ಸಾಧ್ಯವಿಲ್ಲ. ಇಲ್ಲಿ ಎ ಕಣವನ್ನೂ ಬಿ ಕಣವನ್ನೂ ಗಂಟು ಕಟ್ಟಿಸುವ ಪ್ಲಾಸ್ಮಾ ಇದೆ. ಹಾಗಾದರೆ ಈಕೆ ಓ ಪಾಸಿಟಿವ್. ಬಿ ಕಣಕ್ಕೆ 2+ ಮಾತ್ರ ಬಂದದ್ದು, ಆಂಟಿ-ಬಿ ಒಂದಷ್ಟು ಬ್ಯಾಗಿನ ಕಣಗಳ ಮೇಲೆ ಖರ್ಚಾಗಿರುವುದರಿಂದ. ಆ ಕೆಲವು ಗಂಟುಗಳು ಒಡೆಯದೆ ಉಳಿದ ಬ್ಯಾಗಿನ ಬಿ ಕಣಗಳು. ಇದನ್ನೇ ಮಿಕ್ಸೆಡ್ ಫೀಲ್ಡ್ ಅನ್ನುವುದು. ಬರೀ ಫಾರ್ವರ್ಡ್ ಮಾಡಿ ಬರಿಗಣ್ಣಲ್ಲಿ ನೋಡಿದ್ದರೆ ಈ ಉಳಿಕೆ ತಪ್ಪಿಹೋಗುತ್ತಿತ್ತು. ಇನ್ನೂ ಜಾಸ್ತಿ ರಕ್ತ ಹೋಗಿದ್ದರೆ ಅದೇ ಉಳಿಕೆಯನ್ನು ದುರ್ಬಲ ಬಿ ಅಂತ ತಪ್ಪಾಗಿ ಓದುವ ಸಾಧ್ಯತೆಯೂ ಇತ್ತು. ರಿವರ್ಸ್ ಬಿಡಬಾರದು ಅನ್ನುವುದು ಇದಕ್ಕೇ.

ಹಳೇ ಟ್ಯೂಬ್ ಬಿ, ಹೊಸ ಟ್ಯೂಬ್ ಓ. ಮನುಷ್ಯನ ಗುಂಪು ಒಂದು ರಾತ್ರಿಯಲ್ಲಿ ಬದಲಾಗುವುದಿಲ್ಲ. ಎರಡು ಟ್ಯೂಬ್ ಇಬ್ಬರದ್ದು. ಯಾವುದು ಈಕೆಯದ್ದು? ಇನ್ನೊಂದು ಹೊಸ ಸ್ಯಾಂಪಲ್ ತರಿಸಿದೆವು, ಈ ಸಲ ನಮ್ಮವರೇ ಹೋಗಿ ಹೆಸರು ಕೇಳಿ ತೆಗೆದದ್ದು. ಅದೂ ಓ. ಕೇಸ್ ಶೀಟ್‌ನ ಹಿಂದಿನ ಪುಟಗಳಲ್ಲಿ ಹಳೇ ಹೆರಿಗೆಯ ಕಾಲದ ಚೀಟಿ ಇತ್ತು: ಓ ಪಾಸಿಟಿವ್. ಅದನ್ನು ಯಾರೂ ತಿರುವಿ ನೋಡಿರಲಿಲ್ಲ.

ಕ್ರಾಸ್‌ಮ್ಯಾಚನ್ನೂ ಎರಡರಲ್ಲೂ ಮಾಡಿ, ಕೂಂಬ್ಸ್ ಹಂತದವರೆಗೆ. ಹಳೇ ಸ್ಯಾಂಪಲ್ ಜೊತೆ ಬ್ಯಾಗ್ ಸರಿಹೋಯಿತು, ಹೊಂದಲೇಬೇಕಲ್ಲ, ಅದು ಬಿ ಗುಂಪಿನವರ ಪ್ಲಾಸ್ಮಾ. ಹೊಸ ಸ್ಯಾಂಪಲ್ ಜೊತೆ ಮೊದಲ ತಿರುಗಿಸುವಿಕೆಯಲ್ಲೇ ಗಂಟು. ಕ್ರಾಸ್‌ಮ್ಯಾಚ್ ಮಾಡಿದವರು ತಪ್ಪು ಮಾಡಿರಲಿಲ್ಲ. ಅವರು ಬೇರೆ ಯಾರದೋ ರಕ್ತಕ್ಕೆ ಸರಿಯಾಗಿ ಕ್ರಾಸ್‌ಮ್ಯಾಚ್ ಮಾಡಿದ್ದರು. ಒಂದು ಚಿಕ್ಕ ಎಚ್ಚರಿಕೆ: ಕ್ರಾಸ್‌ಮ್ಯಾಚ್ ಟ್ಯೂಬ್‌ನಲ್ಲಿ ಮೇಲಿನ ದ್ರವ ಕೆಂಪಾದರೂ ಪಾಸಿಟಿವ್ ಅಂತಲೇ ಲೆಕ್ಕ. ಆದರೆ ಇಂಥ ರೋಗಿಯ ಸೀರಮ್ ಮೊದಲೇ ಕೆಂಪು. ಹಾಕುವ ಮುಂಚಿನ ಬಣ್ಣ ಬರೆದಿಟ್ಟುಕೊಳ್ಳದಿದ್ದರೆ ಗೊಂದಲ.

17ನೇ ಹಾಸಿಗೆ

ಹಳೇ ಟ್ಯೂಬ್‌ನ ಬಿ ರಕ್ತ ಯಾರದ್ದು? ಅದೇ ವಾರ್ಡ್, ಅದೇ ಹೊತ್ತಿಗೆ ಬಂದ ಸ್ಯಾಂಪಲ್‌ಗಳ ಪಟ್ಟಿ ತೆಗೆದೆವು. 17ನೇ ಹಾಸಿಗೆ ಲಕ್ಷ್ಮಮ್ಮ, ಗುಂಪು ಓ ಪಾಸಿಟಿವ್ ಅಂತ ಬರೆದಿದೆ, ಓ ಬ್ಯಾಗ್ ಒಂದು ಆಗಲೇ ಹಾಕಿ ಮುಗಿದಿದೆ. ಏನೂ ತೊಂದರೆ ಆಗಿಲ್ಲ. ಹೊಸ ಸ್ಯಾಂಪಲ್ ತೆಗೆಸಿದರೆ ಆಕೆ ಬಿ ಪಾಸಿಟಿವ್, ಹೊರಗಿನ ಒಂದಷ್ಟು ಓ ಕಣಗಳ ಜೊತೆ.

ಟ್ಯೂಬ್ ಅದಲುಬದಲು ಎಷ್ಟೋ ಸಲ ಯಾರಿಗೂ ಗೊತ್ತಾಗದೆ ಹೋಗುವುದು ಹೀಗೇ. ಬಿಯವರಿಗೆ ಓ ಕಣ ಹೋದರೆ ಮೈ ಸುಮ್ನೆ ಇರುತ್ತದೆ. ಓನವರಿಗೆ ಬಿ ಹೋದಾಗ ಮಾತ್ರ ಗಲಾಟೆ. ಆದರೆ ಗಲಾಟೆ ಮಾಡದ ಆ ರೋಗಿಯ ಕೇಸ್ ಶೀಟ್‌ನಲ್ಲೂ ತಪ್ಪು ಗುಂಪು ಬರೆದಿರುತ್ತದೆ. ನಾಳೆ ಆಕೆಗೆ ಓ ಅಂತ ಓ ಪ್ಲಾಸ್ಮಾ ಕೊಟ್ಟರೆ ಅದರ ಆಂಟಿ-ಬಿ ಆಕೆಯ ಕಣಗಳ ಮೇಲೆ ಬೀಳುತ್ತದೆ. ಎರಡೂ ಕಡೆ ಕೆಂಪು ಶಾಯಿಯಲ್ಲಿ ಸರಿಮಾಡಿಸಿ, ಸರಿಮಾಡಿದವರ ಸಹಿ ಹಾಕಿಸಿ.

ಸ್ಯಾಂಪಲ್ ತೆಗೆದವರನ್ನು ಕೇಳಿದಾಗ ಗೊತ್ತಾದದ್ದು: ಇಬ್ಬರದ್ದೂ ಒಟ್ಟಿಗೆ ತೆಗೆದು, ಟ್ರೇಯಲ್ಲಿ ಇಟ್ಟುಕೊಂಡು, ನರ್ಸಿಂಗ್ ಸ್ಟೇಷನ್‌ಗೆ ಬಂದು ಚೀಟಿ ಅಂಟಿಸಿದ್ದರು.

ಈ ಪರೀಕ್ಷೆಗಳು ಮುಗಿಯುವವರೆಗೆ ಆ ಎರಡೂ ಹಾಸಿಗೆಗೆ ಹೊಸ ಬ್ಯಾಗ್ ಕೊಡಬೇಡಿ. ಜೀವ ಹೋಗುವಷ್ಟು ತುರ್ತಾದರೆ ಓ ಪ್ಯಾಕ್ಡ್ ಸೆಲ್, ಅದೂ ಹೊಸ ಸ್ಯಾಂಪಲ್‌ಗೆ ಕ್ರಾಸ್‌ಮ್ಯಾಚ್ ಮಾಡಿ.

ಪ್ಲಾಸ್ಮಾ ಕೆಂಪು, ಗುಂಪು ಮಾತ್ರ ಸರಿ

ಕೆಲವು ಸಲ ಹಾಗೂ ಆಗುತ್ತದೆ. ಆಗ ಬ್ಯಾಗ್ ಮತ್ತು ಸೆಟ್ ಕಡೆ ತಿರುಗಿ. ಬ್ಯಾಗಿನ ಮೇಲಿನ ಪದರ ಕೆಂಪಾಗಿದ್ದರೆ, ಫ್ರಿಜ್‌ನಲ್ಲಿ ಮಂಜುಗಡ್ಡೆಯಾಗಿತ್ತೋ, ವಾರ್ಡಿನಲ್ಲಿ ಯಾರಾದರೂ ಬಿಸಿನೀರಿನಲ್ಲಿ ಅದ್ದಿದ್ದರೋ ಕೇಳಿ. ಬ್ಯಾಗ್ ಚೆನ್ನಾಗಿದ್ದು ಸೆಟ್‌ನ ಕೊಳವೆಯಲ್ಲಿ ಮಾತ್ರ ಕೆಂಪು ನೀರಾಗಿದ್ದರೆ ಅದೇ ಲೈನಿನಲ್ಲಿ ಡೆಕ್ಸ್‌ಟ್ರೋಸ್ ಹೋಗಿರಬಹುದು. 5% ಡೆಕ್ಸ್‌ಟ್ರೋಸ್‌ನಲ್ಲಿ ಕಣಗಳು ಗಂಟುಕಟ್ಟಿ, ಊದಿ ಒಡೆಯುತ್ತವೆ. ಹೀಗೆ ಒಡೆದಾಗ ಡಿಎಟಿ ನೆಗೆಟಿವ್, ಕ್ರಾಸ್‌ಮ್ಯಾಚ್ ಸರಿ, ಪ್ಲಾಸ್ಮಾ ಮಾತ್ರ ಕೆಂಪು. ಎಬಿಒ ಸರಿಯಿದ್ದು ಕಣ ಒಡೆದಿದ್ದರೆ, ಆಂಟಿಬಾಡಿ ಸ್ಕ್ರೀನಿಂಗನ್ನು ಹಳೇ ಹೊಸ ಎರಡೂ ಸ್ಯಾಂಪಲ್‌ನಲ್ಲಿ ಮಾಡಿ.

ಬ್ಯಾಗಿನ ಬಣ್ಣ ಕಪ್ಪು ನೇರಳೆಗೆ ತಿರುಗಿದ್ದರೆ, ಗುಳ್ಳೆ ಇದ್ದರೆ, ಪಕ್ಕದ ಸೆಗ್ಮೆಂಟ್‌ಗಿಂತ ಬ್ಯಾಗ್ ಬೇರೆ ಬಣ್ಣ ಕಂಡರೆ, ಬ್ಯಾಕ್ಟೀರಿಯಾ ಅನುಮಾನ. ಗ್ರಾಂ ಸ್ಟೇನ್ ಮಾಡಿಸಿ, ಕಲ್ಚರ್‌ಗೆ ಕಳಿಸಿ. ಆದರೆ ಬಣ್ಣ ಬದಲಾಗದೆಯೂ ಬ್ಯಾಕ್ಟೀರಿಯಾ ಇರಬಹುದು. ಜ್ವರ ಜೋರಾಗಿ ಬಿಪಿ ಇಳಿದಿದ್ದರೆ ಬ್ಯಾಗ್ ಚೆನ್ನಾಗಿ ಕಂಡರೂ ಕಲ್ಚರ್ ಬೇಕು.

ಕಾಗದ, ಬಣ್ಣ, ಡಿಎಟಿ, ಗುಂಪು ಎಲ್ಲವೂ ಸರಿ ಬಂದರೆ ಸದ್ಯಕ್ಕೆ ಕಣ ಒಡೆದಿಲ್ಲ ಅಂತ ಹೇಳಬಹುದು, ಅಷ್ಟೇ. ಅಲರ್ಜಿ, ಬಿಳಿಕಣದಿಂದ ಬರುವ ಜ್ವರ, ಶ್ವಾಸಕೋಶದ ತೊಂದರೆ ಇವು ಯಾವುವೂ ಈ ಪರೀಕ್ಷೆಗಳಲ್ಲಿ ಕಾಣುವುದಿಲ್ಲ. ವರದಿಯಲ್ಲಿ "ರಿಯಾಕ್ಷನ್ ಇಲ್ಲ" ಅಂತ ಬರೆಯಬೇಡಿ. "ಹಿಮೋಲೈಸಿಸ್‌ಗೆ ಪುರಾವೆ ಸಿಕ್ಕಿಲ್ಲ" ಅಂತ ಬರೆಯಿರಿ.

ಕೊನೆಗೆ ಬರವಣಿಗೆ. ರಿಯಾಕ್ಷನ್ ಫಾರಂ ತುಂಬಿ. ನಮ್ಮ ದೇಶದ ಹಿಮೋವಿಜಿಲೆನ್ಸ್ ಕಾರ್ಯಕ್ರಮ 2012ರ ಡಿಸೆಂಬರ್ 10ರಂದು ಶುರುವಾಯಿತು, ನೋಯ್ಡಾದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಬಯೋಲಾಜಿಕಲ್ಸ್ ಅದನ್ನು ನೋಡಿಕೊಳ್ಳುತ್ತದೆ. ಆಸ್ಪತ್ರೆ ನೋಂದಾಯಿಸಿಕೊಂಡಿದ್ದರೆ ಅಲ್ಲಿಗೂ ವರದಿ ಹೋಗಬೇಕು. ರಕ್ತ ಕೊಟ್ಟ ಮೇಲೆ ರೋಗಿಯ ಮತ್ತು ದಾನಿಯ ಸ್ಯಾಂಪಲ್ಲನ್ನು ಕನಿಷ್ಠ 7 ದಿನ ಫ್ರಿಜ್‌ನಲ್ಲಿ ಇಟ್ಟಿರಲೇಬೇಕು. ಆ ಹಳೇ ಟ್ಯೂಬ್ ಎಸೆದಿದ್ದರೆ ಈ ಕೇಸು ಕಾಗದ ನೋಡುವಲ್ಲಿಗೇ ನಿಂತುಬಿಡುತ್ತಿತ್ತು. ಇಬ್ಬರ ಹಳೇ ಟ್ಯೂಬ್‌ಗಳನ್ನೂ ಹೊಸವನ್ನೂ ಒಂದೇ ರ‍್ಯಾಕ್‌ನಲ್ಲಿಟ್ಟು, ಟೇಪ್ ಸುತ್ತಿ, "ಮುಟ್ಟಬೇಡಿ" ಅಂತ ಬರೆದು, ಬೆಳಗಿನ ಡ್ಯೂಟಿಯವರಿಗೆ ಕೈಗೆ ಕೈ ಒಪ್ಪಿಸಿ ಮನೆಗೆ ಹೊರಡಿ.